ಸಪ್ಲಿಮೆಂಟು ಮತ್ತು ಎರಡನೆಯ ತೀರ್ಪು

ನನ್ನ ಉತ್ತರಪತ್ರಿಕೆಯ ಕೊನೆಯ ಪುಟ 'ಹೌವೆವರ್' ಎಂಬ ಪದಕ್ಕೆ ಬಂದು ನಿಲ್ಲುತ್ತದೆ. ಅದಾದ ಮೇಲೆ ಒಂದು ಅಲ್ಪವಿರಾಮ, ಮತ್ತೆ ಖಾಲಿ ಬಿಳುಪು. ಪರೀಕ್ಷಾ ವಿಭಾಗದವರು ಇಮೇಲಿನಲ್ಲಿ ಕಳಿಸಿದ ಸ್ಕ್ಯಾನ್ ಪ್ರತಿಯನ್ನು ಮೊಬೈಲಿನಲ್ಲಿ ತೆರೆದು, ಬೆರಳಿನಿಂದ ಮೇಲೆ ತಳ್ಳಿ ತಳ್ಳಿ ನೋಡಿದೆ. ಇನ್ನೊಂದು ಪುಟ ಬರಲಿಲ್ಲ. 'ಆದರೆ' ಎಂದು ಹೇಳಿ ನಾನು ಮುಂದೆ ಬರೆದ ನಾಲ್ಕು ಪುಟ ಸಪ್ಲಿಮೆಂಟಿನಲ್ಲಿತ್ತು. ಸಪ್ಲಿಮೆಂಟು ಎಂದರೆ ಉತ್ತರಪುಸ್ತಿಕೆ ತುಂಬಿದ ಮೇಲೆ ಕೇಳಿ ಪಡೆದು, ದಾರ ಕಟ್ಟಿ ಕೊಡುವ ಹೆಚ್ಚುವರಿ ಹಾಳೆ. ನಾನು ಕಟ್ಟಿದ್ದೆ. ಮುಖಪುಟದ ಚೌಕದಲ್ಲಿ 'ಒಂದು' ಎಂದು ಬರೆದಿದ್ದೆ, ಪಕ್ಕದಲ್ಲಿ ಮೇಲ್ವಿಚಾರಕರ ಸಹಿಯೂ ಇತ್ತು. ಸ್ಕ್ಯಾನ್ ಮಾಡಿದವರು ಪುಸ್ತಿಕೆಯನ್ನು ಮಾತ್ರ ಮಾಡಿ, ಹಾಳೆಯನ್ನು ಎಲ್ಲೋ ಬಿಟ್ಟಿದ್ದರು.

ಆ ಪ್ರಶ್ನೆಗೆ ಹದಿನೈದರಲ್ಲಿ ಎರಡು ಅಂಕ. ಉಳಿದ ಮೂರಕ್ಕೆ ಹನ್ನೊಂದು, ಹತ್ತು, ಹನ್ನೊಂದು. ಒಟ್ಟು ಅರವತ್ತಕ್ಕೆ ಮೂವತ್ತನಾಲ್ಕು. ನನಗೆ ಎಂ.ಎ. ಸೀಟು ಸಿಕ್ಕಿತ್ತು, ತಾತ್ಕಾಲಿಕವಾಗಿ. ಅದು ಖಾಯಂ ಆಗಬೇಕಾದರೆ ಮುಖ್ಯ ವಿಷಯದಲ್ಲಿ ಶೇಕಡಾ ಅರವತ್ತು ಬೇಕು, ನನ್ನದು ಐವತ್ತೊಂಬತ್ತರ ಮೇಲೆ ಏನೋ ದಶಾಂಶ. ಆ ಒಂದು ಪ್ರಶ್ನೆಗೆ ಏಳು ಕೊಟ್ಟಿದ್ದರೂ ದಾಟುತ್ತಿದ್ದೆ. ದಾಟಿದ ಅಂಕಪಟ್ಟಿಯನ್ನು ಮುಂದಿನ ಮಂಗಳವಾರ ಸಂಜೆ ಐದರೊಳಗೆ ಪ್ರವೇಶದ ವೆಬ್‌ಸೈಟಿಗೆ ಹಾಕಬೇಕಿತ್ತು. ಸ್ಕ್ಯಾನ್ ಪ್ರತಿ ಬಂದದ್ದು ಗುರುವಾರ.

ಇದರಲ್ಲಿ ನಗುವ ವಿಷಯ ಒಂದಿದೆ. ಪ್ರಶ್ನೆ ಸ್ಟೋಯಿಕರ ಮೇಲಿತ್ತು. ಲೋಕದಲ್ಲಿ ನಮ್ಮ ಕೈಯಲ್ಲಿರುವುದು ನಮ್ಮ ತೀರ್ಪು ಮಾತ್ರ; ದೇಹ, ಆಸ್ತಿ, ಹೆಸರು, ಹುದ್ದೆ ಯಾವುದೂ ಅಲ್ಲ ಎಂದ ಹಳೆಯ ಗ್ರೀಕರ ಪಂಥ ಅದು. 'ವಿಮರ್ಶಾತ್ಮಕವಾಗಿ ಪರಿಶೀಲಿಸಿ' ಎಂದು ಕೇಳಿದ್ದರು.

ಅಪ್ಪ ಟೈಲ್ಸ್ ಮಿಸ್ತ್ರಿ. ಕಾಂದಿವಲಿಯ ಹೊಸ ಬಿಲ್ಡಿಂಗುಗಳ ನೆಲಕ್ಕೆ ಟೈಲ್ಸ್ ಕೂಡಿಸುತ್ತಾರೆ. ಬಿಜಾಪುರ ಕಡೆಯಿಂದ ಬಂದು ಇಪ್ಪತ್ತೈದು ವರ್ಷವಾದರೂ ಮಾತು ಅಲ್ಲಿಯದೇ. ಆ ಸಂಜೆ ಅವರು ಕೈತೊಳೆದು ಬಂದು ಮೊಬೈಲನ್ನು ದೂರ ಹಿಡಿದು ನೋಡಿದರು.

"ಇದರಾಗ ನೀ ಬರದದ್ದು ಪೂರ್ತಿ ಇಲ್ಲ ಅಂತಿ."

"ಅರ್ಧಾನೂ ಇಲ್ಲಪ್ಪ."

"ಓದದ ಹೆಂಗ ನಂಬರ ಕೊಟ್ರು ಯವ್ವಾ?"

"ಇದ್ದಷ್ಟು ಓದ್ಯಾರ."

"ನಾ ಅರ್ಧಾ ಖೋಲಿಗೆ ಟೈಲ್ಸ್ ಹಾಕಿ ಬಂದ್ರ ಶೇಟ್ ಏನಂತಾನ? ಇನ್ನ ಅರ್ಧಾ ಎಲ್ಲಿ ಅಂತ ಕೇಳ್ತಾನಿಲ್ಲ? ಇವರಿಗೆ ಕೇಳೂ ಬುದ್ಧಿನೂ ಇಲ್ಲಂದ್ರ..." ಮಾತು ಅಲ್ಲಿಗೇ ಬಿಟ್ಟು ಅವರು ಊಟಕ್ಕೆ ಕುಳಿತರು. ನನಗೆ ವಾದದಲ್ಲಿ ಯಾವತ್ತೂ ಅಪ್ಪನದರಷ್ಟು ಚಿಕ್ಕ ಉದಾಹರಣೆ ಸಿಗುವುದಿಲ್ಲ.

ಮರುದಿನ ಪರೀಕ್ಷಾ ವಿಭಾಗಕ್ಕೆ ಹೋದೆ. ಕಾಲೇಜಿನ ಡಿಬೇಟ್ ತಂಡದಲ್ಲಿ ಮೂರು ವರ್ಷ ಇದ್ದವಳು ನಾನು. ರೈಲಿನಲ್ಲೇ ಮೂರು ಅಂಶ ಸಿದ್ಧಪಡಿಸಿಕೊಂಡಿದ್ದೆ: ಒಂದು, ಚೌಕದಲ್ಲಿ ಬರೆದ ಸಂಖ್ಯೆ. ಎರಡು, ಸಹಿ. ಮೂರು, ವಾಕ್ಯ ಅರ್ಧಕ್ಕೆ ನಿಂತದ್ದೇ ಮುಂದೆ ಪುಟಗಳಿದ್ದವು ಎಂಬುದಕ್ಕೆ ಸಾಕ್ಷಿ. ಮರುಮೌಲ್ಯಮಾಪನದ ಕಿಟಕಿಯಲ್ಲಿ ನಡುವಯಸ್ಸಿನ ಕ್ಲರ್ಕ್ ಒಬ್ಬರು ನನ್ನ ಮೂರನ್ನೂ ತಾಳ್ಮೆಯಿಂದ ಕೇಳಿದರು. ಹಿಂದೆ ಕ್ಯೂ ಇತ್ತು.

"ಓ ದೀದಿ, ಭಾಷಣ್ ಔರ್ ಕಿತನಾ ಬಾಕೀ ಹೈ?" ಭಾಷಣ ಇನ್ನೆಷ್ಟು ಬಾಕಿ ಇದೆ ಎಂದು ಯಾರೋ ಕೇಳಿದರು. ಕ್ಯೂ ನಕ್ಕಿತು.

ಕ್ಲರ್ಕ್ ನಗಲಿಲ್ಲ. ತಮ್ಮ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದರು. "ಮೇಡಂ, ಜೋ ಸ್ಕ್ರೀನ್ ಪೆ ಹೈ, ವಹೀ ಹೈ." ಸ್ಕ್ರೀನಿನ ಮೇಲೆ ಇದ್ದದ್ದಷ್ಟೇ ಇದೆ. ಮರುಮೌಲ್ಯಮಾಪನಕ್ಕೆ ಹಾಕಿದರೆ ಎರಡನೆಯ ಪರೀಕ್ಷಕರೂ ಇದೇ ಸ್ಕ್ಯಾನನ್ನೇ ನೋಡುತ್ತಾರೆ, ಕಾಣದ ಪುಟಕ್ಕೆ ಅವರು ತಾನೇ ಎಲ್ಲಿಂದ ಅಂಕ ಕೊಡಬೇಕು ಎಂದರು. ಮೊದಲು ಸಪ್ಲಿಮೆಂಟು ಸಿಗಬೇಕು. ಅದಕ್ಕೆ ಬೇರೆ ಅರ್ಜಿ ಕೊಡಬೇಕು, ಅರ್ಜಿ ಪರೀಕ್ಷಾ ಕೇಂದ್ರಕ್ಕೆ ಹೋಗುತ್ತದೆ, ಕೇಂದ್ರದವರು ಕಟ್ಟುಗಳಲ್ಲಿ ಹುಡುಕುತ್ತಾರೆ. ಎಷ್ಟು ದಿನ ಎಂದೆ. "ಪಂದ್ರಹ್ ವರ್ಕಿಂಗ್ ಡೇಸ್. ಕಮ್ ಸೇ ಕಮ್." ನಾಲ್ಕು ದಿನ ಇರುವವಳಿಗೆ ಕಡಿಮೆಯೆಂದರೂ ಹದಿನೈದು ಕೆಲಸದ ದಿನ. ಅರ್ಜಿಗೆ ಕಾಲೇಜಿನ ಪ್ರಿನ್ಸಿಪಾಲರ ಸಹಿ ಬೇಕು, ಪ್ರಿನ್ಸಿಪಾಲರು ಸೋಮವಾರವೇ ಸಿಗುವುದು.

ವಾಪಸು ಬರುವ ರೈಲಿನಲ್ಲಿ ನಾನು ಓದಿದ್ದನ್ನು ನನ್ನ ಮೇಲೇ ಪ್ರಯೋಗಿಸಲು ಕುಳಿತೆ. ನಂಬಿಕೆಯಿಂದ ಅಲ್ಲ. ಕೆಲಸ ಮಾಡುತ್ತದೋ ಇಲ್ಲವೋ ನೋಡೋಣ ಎಂಬ ಹಟದಿಂದ.

ಸ್ಟೋಯಿಕರ ಲೆಕ್ಕ ಹೀಗಿದೆ. ಮೊದಲು ಒಂದು ತೋರಿಕೆ ಬರುತ್ತದೆ: ಹೀಗಾಗಿದೆ, ಇದು ಕೆಟ್ಟದ್ದು ಎಂದು ಮನಸ್ಸಿಗೆ ಕಾಣುತ್ತದೆ. ಅದು ಬರುವುದು ನಮ್ಮ ಕೈಯಲ್ಲಿಲ್ಲ. ಅದರ ಜೊತೆಗೆ ಮುಖ ಬಿಳಚುವುದು, ಎದೆ ಹಿಂಡುವುದು, ಕಣ್ಣು ತುಂಬುವುದು, ಇವೂ ನಮ್ಮ ಕೈಯಲ್ಲಿಲ್ಲ, ಜ್ಞಾನಿಗೂ ಆಗುತ್ತದೆ. ಆಮೇಲೆ ನಾವು ಆ ತೋರಿಕೆಗೆ ಒಪ್ಪಿಗೆ ಕೊಡುತ್ತೇವೆ, ಅಥವಾ ಕೊಡುವುದಿಲ್ಲ. ಒಪ್ಪಿಗೆ ಮಾತ್ರ ನಮ್ಮದು. ದುಃಖ ಎನ್ನುವುದು ಹೊರಗಿಂದ ಬಿದ್ದ ಪೆಟ್ಟಲ್ಲ, ನಾವು ಒಪ್ಪಿದ ಎರಡು ತೀರ್ಪುಗಳು. 'ನನಗೆ ಕೇಡಾಗಿದೆ' ಎಂಬುದು ಒಂದನೆಯದು. 'ಇದಕ್ಕೆ ನಾನು ಕುಗ್ಗುವುದೇ ಸರಿ' ಎಂಬುದು ಎರಡನೆಯದು. ಎರಡಕ್ಕೂ ಹೂಂ ಎಂದರೆ ದುಃಖ.

ಒಂದನೆಯದನ್ನು ಬಿಚ್ಚುವುದು ನನಗೆ ಕಷ್ಟವಾಗಲಿಲ್ಲ. ಎದುರಾಳಿಯ ಮಾತಿನಲ್ಲಿ ಸಂಗತಿ ಎಷ್ಟು, ಬಣ್ಣ ಎಷ್ಟು ಎಂದು ಬೇರೆ ಮಾಡುವುದೇ ನಮ್ಮ ಕಸುಬು. 'ನಾಲ್ಕು ಪುಟ ಸ್ಕ್ಯಾನ್ ಆಗಿಲ್ಲ, ಎರಡು ಅಂಕ ಬಂದಿದೆ, ಮಂಗಳವಾರ ಕೊನೆಯ ದಿನ' ಎಂಬುದು ಸಂಗತಿ. 'ನನ್ನ ಜೀವನ ಹಾಳಾಯಿತು' ಎಂಬುದು ಬಣ್ಣ. ಅಂಕವನ್ನು ಸ್ಟೋಯಿಕರು ಕೆಡುಕಿನ ಪಟ್ಟಿಯಲ್ಲಿಯೂ ಇಡುವುದಿಲ್ಲ, ಒಳಿತಿನ ಪಟ್ಟಿಯಲ್ಲಿಯೂ ಇಡುವುದಿಲ್ಲ. ಆರೋಗ್ಯದ ಹಾಗೆ, ಒಳ್ಳೆಯ ಹೆಸರಿನ ಹಾಗೆ, ಸಿಕ್ಕರೆ ಆರಿಸಿಕೊಳ್ಳತಕ್ಕದ್ದು. ಆದರೆ ಅದು ಇದ್ದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ, ಇಲ್ಲದ ಮಾತ್ರಕ್ಕೆ ಕೆಡುವುದಿಲ್ಲ. ಬುದ್ಧಿಯಿಂದ ಇದನ್ನು ಒಪ್ಪಬಹುದಿತ್ತು. ರೈಲು ಅಂಧೇರಿ ಸ್ಟೇಷನ್ ಮುಟ್ಟುವಷ್ಟರಲ್ಲಿ ಒಪ್ಪಿದ್ದೆ.

ಎರಡನೆಯದು ಅಲ್ಲಾಡಲಿಲ್ಲ. ಕುಗ್ಗುವುದು ಸರಿಯಲ್ಲ ಎಂದುಕೊಂಡ ಕೂಡಲೇ ಒಳಗಿನಿಂದ ಒಂದು ದನಿ, ಹಾಗಾದರೆ ಪರೀಕ್ಷಾ ವಿಭಾಗದವರು ಮಾಡಿದ್ದು ಸರಿ ಎಂದಾಯಿತಲ್ಲ, ಎನ್ನುತ್ತಿತ್ತು. ಡಿಬೇಟಿನಲ್ಲಿ ಒಂದು ನಿಯಮವಿದೆ. ಎದುರು ಪಕ್ಷ ಹೇಳಿದ ಅಂಶಕ್ಕೆ ನೀವು ಉತ್ತರ ಕೊಡದಿದ್ದರೆ ಅದನ್ನು ಒಪ್ಪಿದಿರಿ ಎಂದೇ ಲೆಕ್ಕ. ಮೂರು ವರ್ಷ ಆ ನಿಯಮದೊಳಗೆ ಉಸಿರಾಡಿದವಳಿಗೆ ಸುಮ್ಮನಿರುವುದೂ ಸೋಲುವುದೂ ಬೇರೆಯಾಗಿ ಕಾಣುವುದಿಲ್ಲ. ನನ್ನ ಸಂಕಟವೇ ನನ್ನ ಉತ್ತರವಾಗಿತ್ತು. ಅದನ್ನು ಬಿಟ್ಟರೆ ಎರಡು ಅಂಕಕ್ಕೆ ನಾನೇ ಸಹಿ ಹಾಕಿದ ಹಾಗೆ. ಸ್ಟೋಯಿಕರು ಹೂಂ ಅಥವಾ ಊಹೂಂ ಎಂಬುದರ ಜೊತೆಗೆ ಮೂರನೆಯ ದಾರಿಯೊಂದನ್ನು ಇಟ್ಟಿದ್ದಾರೆ: ಒಪ್ಪಿಗೆಯನ್ನು ತಡೆಹಿಡಿಯುವುದು. 'ನೀನೊಂದು ತೋರಿಕೆ ಅಷ್ಟೆ, ಸ್ವಲ್ಪ ನಿಲ್ಲು, ನೋಡುತ್ತೇನೆ' ಎನ್ನುವುದು. ಅದನ್ನು ನಾನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ. ಸಪ್ಲಿಮೆಂಟಿನಲ್ಲಿ.

ಇಲ್ಲಿ ನನ್ನ ಗೆಳತಿಯ ಮಾತು ಹೇಳಬೇಕು. ಹೇಳದೆ ತಪ್ಪಿಸಿಕೊಳ್ಳಬಹುದಿತ್ತು.

ಅವಳು ಡಿಬೇಟಿನಲ್ಲಿ ನನ್ನ ಜೋಡಿ. ಕಲಬುರಗಿ ಕಡೆಯ ಮನೆತನ. ಅವಳ ಅಬ್ಬಾ ನಮ್ಮ ಚಾಳಿನ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಎರಡನೆಯ ವರ್ಷದಲ್ಲಿ ಮಾಟುಂಗದ ಒಂದು ಕನ್ನಡ ಸಂಘದ ಚರ್ಚಾಸ್ಪರ್ಧೆಗೆ ಇಬ್ಬರೂ ಹೋಗಿದ್ದೆವು. ವಿಷಯ: 'ಅಂಕಗಳು ನಮ್ಮನ್ನು ನೋಯಿಸಲಾರವು.' ಚೀಟಿ ಎತ್ತಿದಾಗ ನಮಗೆ ಪರ ಬಂತು. ನಾನು ಸ್ಟೋಯಿಕರನ್ನು ಹಿಡಿದುಕೊಂಡೆ. ಪಂಥದ ದೊಡ್ಡ ಗುರುಗಳಲ್ಲೊಬ್ಬ ಗುಲಾಮನಾಗಿದ್ದ ಎಂದೆ, ಸಂಕೋಲೆಯನ್ನು ಕಾಲಿಗೆ ಹಾಕಬಹುದು, ತೀರ್ಪಿಗೆ ಹಾಕಲಾಗದು ಎಂದೆ. ಮುಂದಿನ ಸಾಲಿನ ಹಿರಿಯರು ತಲೆದೂಗಿದರು. ಗೆದ್ದೆವು. ಎದುರಿನ ಉಡುಪಿ ಹೋಟೆಲಿನಲ್ಲಿ ದೋಸೆಗೆ ಕಾಯುತ್ತ ಕುಳಿತಾಗ ಅವಳ ಮೊಬೈಲಿಗೆ ರಿಸಲ್ಟ್ ಬಂತು. ಬರೆದ ಒಂದು ಪೇಪರಿನ ಎದುರು 'ಗೈರುಹಾಜರು' ಎಂದಿತ್ತು.

ಅವಳು ನನ್ನ ಪಕ್ಕದ ಬೆಂಚಿನಲ್ಲೇ ಕುಳಿತು ಬರೆದ ಪೇಪರು. ಅವಳು ಅತ್ತಳು. ನಾನು ಇನ್ನೂ ಮೈಕಿನ ಮುಂದೆಯೇ ಇದ್ದೆ.

"ಅಂಕ ನಿನಗ ಏನೂ ಮಾಡಿಲ್ಲ," ಎಂದೆ. "ಅದರ ಬಗ್ಗೆ ನೀ ಕೊಟ್ಟ ತೀರ್ಪು ಅಳಸಾಕತ್ತೈತಿ."

ಅವಳು ಕರವಸ್ತ್ರದಿಂದ ಮುಖ ಒರೆಸಿಕೊಂಡು ದೋಸೆ ತಿಂದಳು. ಆ ತಪ್ಪು ಸರಿಯಾಗಲು ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವಳಿಗೆ ಮೂರನೆಯ ವರ್ಷದ ಪ್ರವೇಶ ತಪ್ಪಿತು. ಈಗ ಕಾಂದಿವಲಿ ಸ್ಟೇಷನ್ನಿನ ಹತ್ತಿರದ ಒಂದು ಕೋಚಿಂಗ್ ಕ್ಲಾಸಿನಲ್ಲಿ ರಿಸೆಪ್ಷನ್ನಿನಲ್ಲಿ ಕೂರುತ್ತಾಳೆ. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಡಿಬೇಟಿನ ಮಾತು ಬಿಟ್ಟಿದ್ದಳು.

ಶನಿವಾರ ಮಧ್ಯಾಹ್ನ ಅವಳ ಬಳಿಗೆ ಹೋದೆ. ಯಾಕೆ ಎಂದರೆ ಬೇರೆ ಯಾರ ಬಳಿ ಹೋಗುವುದು. ಅವಳು ಗಾಜಿನ ಮೇಜಿನ ಹಿಂದೆ ಕುಳಿತು ಡಬ್ಬಿಯಿಂದ ಊಟ ಮಾಡುತ್ತಿದ್ದಳು. ಪೂರ್ತಿ ಕೇಳಿದಳು.

"ಅರೆ ವಕೀಲಬಾಯಿ," ಎಂದಳು. "ಅಂಕ ನಿನಗ ಏನೂ ಮಾಡಿಲ್ಲಲ್ಲ. ನಿನ್ನ ತೀರ್ಪು ಅಳಸಾಕತ್ತದ."

"ಗೊತ್ತೈತಿ. ಬೈಯಿ."

"ಬೈಯೂದಿಲ್ಲ. ನಿಂದೇ ಡೈಲಾಗ್ ನಿನಗ ವಾಪಸ್ ಕೊಟ್ಟೆ. ಹೆಂಗದ ರುಚಿ?"

ಅವಳು ರೊಟ್ಟಿಯ ಒಂದು ತುಂಡು ನನ್ನ ಕಡೆ ಸರಿಸಿದಳು.

"ಅವತ್ತ ನಾ ಒಂದು ಮಾತ ಮುಚ್ಚಿಟ್ಟಿದ್ದೆ," ಎಂದೆ. "ಆ ಸ್ಟೋಯಿಕರ ಪುಸ್ತಕದಾಗ ಒಂದು ಪುಟ ಇತ್ತು. ಇನ್ನೊಬ್ಬರು ಅಳೂದು ಕಂಡ್ರ ಅವರ ತೀರ್ಪು ತಿದ್ದಾಕ ಹೋಗಬ್ಯಾಡ, ಜೋಡಿ ಕುಂತು ಮಾತಾಡು, ಬೇಕಂದ್ರ ಅವರ ಜೋಡಿ ನೀನೂ ನರಳು, ಒಳಗ ಮಾತ್ರ ನರಳಬ್ಯಾಡ ಅಂತ. ಡಿಬೇಟಿಗೆ ಅದು ಉಪಯೋಗಿಲ್ಲ ಅಂತ ಬಿಟ್ಟೆ."

"ಅಂದ್ರ ಆ ಚೂರಿ ನಿನ್ನ ಕಾಯಿಪಲ್ಲೆ ಹೆಚ್ಚಾಕ ಇತ್ತು. ನೀ ನನ್ನ ಕೈ ಕೊಯ್ದಿ."

"ಹೂಂ."

"ಇಷ್ಟ ಸಾಕು. ತೋರಸು ಪೇಪರ್."

ಅವಳು ಕೈ ಒರೆಸಿಕೊಂಡು ಸ್ಕ್ಯಾನ್ ಪ್ರತಿಯನ್ನು ಓದಿದಳು. ನಿಧಾನವಾಗಿ, ತುಟಿ ಅಲ್ಲಾಡಿಸುತ್ತ. ನಾನು ಗುರುವಾರದಿಂದ ಆ ಕೊನೆಯ ಪುಟವನ್ನು ಮಾತ್ರ ನೋಡಿದ್ದೆ. ಅವಳು ಮೊದಲಿನಿಂದ ಓದಿದಳು.

"ಇದೇನ ಬರದಿ? 'ಸ್ಟೋಯಿಕರ ನೀತಿ ಸೋತವರ ಸಮಾಧಾನ. ಅನ್ಯಾಯಕ್ಕ ಎದುರಾಡಬ್ಯಾಡ ಅಂತ ಕಲಸ್ತದ. ಗುಲಾಮಗ ಸಂಕೋಲಿ ಪ್ರೀತಿಸು ಅಂತದ.' ಇದು ನಿನ್ನ ಮಾತಲ್ಲಲ್ಲ."

"ಅದು ಎದುರಿನವರ ವಾದ. ಮೊದಲ ಅದನ್ನ ಎಷ್ಟ ಗಟ್ಟಿ ಮಾಡಾಕ ಬರ್ತೈತಿ ಅಷ್ಟು ಮಾಡಿ, ಆಮೇಲೆ ಒಡಿಯೂದು. ನಾವು ಯಾವಾಗ್ಲೂ ಹಂಗ ಅಲ್ಲ ಮಾಡೂದು?"

"ಸ್ಟೇಜಿನ ಮ್ಯಾಲೆ ಎಲ್ಲಾರಿಗೂ ಗೊತ್ತಿರ್ತದ ನೀ ಯಾವ ಕಡಿ ಅಂತ. ಬೋರ್ಡ್ ಇಟ್ಟಿರ್ತಾರ, ಪರ, ವಿರೋಧ. ಇಲ್ಲಿ ಎಲ್ಲದ ಬೋರ್ಡು?" ಅವಳು ಪುಟದ ಮೇಲ್ತುದಿಯನ್ನು ದೊಡ್ಡದು ಮಾಡಿ ನನ್ನ ಮುಂದೆ ಹಿಡಿದಳು. "ಇದು ಎದುರಿನವರ ವಾದ ಅಂತ ಎಲ್ಲಿ ಬರದಿ? ಒಂದು ಸಾಲು?"

ಒಂದು ಸಾಲೂ ಇರಲಿಲ್ಲ. ಮೂರು ಪುಟದ ತುಂಬ ನಾನು ಸ್ಟೋಯಿಕರನ್ನು ಅವರು ಹೇಳದ ಮಾತಿಗೆ ಹೊಣೆ ಮಾಡಿದ್ದೆ. ಅವರು ನ್ಯಾಯವನ್ನು ನಾಲ್ಕು ಸದ್ಗುಣಗಳಲ್ಲಿ ಒಂದು ಎನ್ನುತ್ತಾರೆ, ಅನ್ಯಾಯದ ಎದುರು ಮಾಡತಕ್ಕ ಕೆಲಸ ಮಾಡಲೇಬೇಕು ಎನ್ನುತ್ತಾರೆ. ಬಿಲ್ಲುಗಾರನ ಹಾಗೆ ಗುರಿ ಹಿಡಿದು ಚೆನ್ನಾಗಿ ಬಿಡುವುದು ನಮ್ಮದು, ಬಾಣ ಕೈಬಿಟ್ಟ ಮೇಲೆ ಗಾಳಿ ಏನು ಮಾಡುತ್ತದೆ ಎಂಬುದು ನಮ್ಮದಲ್ಲ ಎನ್ನುತ್ತಾರೆ. ಇವೆಲ್ಲ 'ಹೌವೆವರ್' ದಾಟಿದ ಮೇಲಿತ್ತು. ಅದರ ಈಚೆ ನಿಂತು ಓದಿದ ಪರೀಕ್ಷಕರಿಗೆ ಕಂಡದ್ದು ತಪ್ಪು ಉತ್ತರ, ಅದೂ ಆತ್ಮವಿಶ್ವಾಸದಿಂದ ಬರೆದ ತಪ್ಪು ಉತ್ತರ. ಯಾರಾದರೂ ನಿಮಗೆ ಕೆಡುಕು ಮಾಡಿದರೆ 'ಅವರಿಗೆ ಹಾಗೆ ಕಂಡಿತು' ಎಂದುಕೊಳ್ಳಿ ಎಂಬುದು ಆ ಪಂಥದ ಇನ್ನೊಂದು ಅಭ್ಯಾಸ. ನಾನು ಅದನ್ನು ಉದಾರತೆಯ ಮಾತು ಎಂದು ತಿಳಿದಿದ್ದೆ. ಇಲ್ಲಿ ಅದು ಬರಿಯ ವರದಿಯಾಗಿತ್ತು. ಅವರಿಗೆ ಹಾಗೆಯೇ ಕಂಡಿತು, ಯಾಕೆಂದರೆ ನಾನು ಹಾಗೆಯೇ ಕಾಣಿಸಿದ್ದೆ.

ಹಾಳೆ ಕಳೆದದ್ದು ನನ್ನ ಕೈಯಲ್ಲಿರಲಿಲ್ಲ. ಆ ಒಂದು ಸಾಲು ನನ್ನ ಕೈಯಲ್ಲಿತ್ತು. ಎರಡು ದಿನದಿಂದ ನನ್ನದಲ್ಲದ್ದರ ಬಗ್ಗೆ ಮಾತ್ರ ಅತ್ತಿದ್ದೆ, ನನ್ನದನ್ನು ನೋಡಿಯೂ ಇರಲಿಲ್ಲ. ಇದು ತಿಳಿದದ್ದರಿಂದ ಹಗುರವಾಗಬೇಕಿತ್ತು ಎನ್ನುತ್ತವೆ ಪುಸ್ತಕಗಳು. ನನಗೆ ಇನ್ನಷ್ಟು ಭಾರವಾಯಿತು.

"ಹಂಗಾರ ತಪ್ಪು ನಂದೇ," ಎಂದೆ.

"ನೋಡು, ಮತ್ತ ಶುರು. ಒಂದೋ ಅವರದು ಪೂರ್ತಿ, ಇಲ್ಲಂದ್ರ ನಿಂದು ಪೂರ್ತಿ." ಅವಳು ಡಬ್ಬಿ ಮುಚ್ಚಿದಳು. "ಆ ಸಾಲು ಇದ್ರೂ ಹಾಳಿ ಕಳದೇ ಹೋಗ್ತಿತ್ತು. ಅನ್ಯಾಯ ಆಗೇದ. ಅದನ್ನ ಯಾಕ ಬಿಟ್ಟ ಕೊಡ್ತಿ?"

ಉಡುಪಿ ಹೋಟೆಲಿನಲ್ಲಿ ನಾನು ಅವಳಿಗೆ ಹೇಳಬೇಕಾಗಿದ್ದ ಮಾತು ಅದೊಂದೇ. 'ಅನ್ಯಾಯ ಆಗೇದ', ಎರಡು ಪದ. ಅದನ್ನು ಅವಳೇ ನನಗೆ ಹೇಳಿದಳು, ಮೇಜಿನ ಮೇಲಿನ ರೊಟ್ಟಿಯ ಚೂರುಗಳನ್ನು ಅಂಗೈಗೆ ಗುಡಿಸಿಕೊಳ್ಳುತ್ತ.

ಸೋಮವಾರ ಪ್ರಿನ್ಸಿಪಾಲರು ಮೀಟಿಂಗಿನಲ್ಲಿದ್ದರು. ಮಂಗಳವಾರ ಹನ್ನೆರಡಕ್ಕೆ ಸಹಿ ಸಿಕ್ಕಿತು. ಈ ನಡುವೆ ಸೀಟಿನ ಆಫೀಸಿಗೆ ಎರಡು ಇಮೇಲ್ ಬರೆದು ಒಂದು ವಾರದ ಗಡುವು ಕೇಳಿದ್ದೆ. ಮೊದಲನೆಯದಕ್ಕೆ ಕಂಪ್ಯೂಟರಿನಿಂದ ತಾನಾಗಿಯೇ ಬರುವ ಉತ್ತರ ಬಂತು. ಎರಡನೆಯದಕ್ಕೆ ಅದೂ ಬರಲಿಲ್ಲ. ಗೆಳತಿ ಅರ್ಧ ದಿನ ರಜೆ ಹಾಕಿ ನನ್ನ ಜೊತೆ ಬಂದಳು. ಯಾಕೆ ಎಂದು ಕೇಳಿದರೆ, "ನಿನ್ನ ಭಾಷಣ ಬಂದ್ ಮಾಡಾಕ ಯಾರರೆ ಬೇಕಲ್ಲ," ಎಂದಳು.

ಅರ್ಜಿಯಲ್ಲಿ 'ವಿವರ' ಎಂಬ ಜಾಗ ಅಂಗೈಯಷ್ಟು ಚಿಕ್ಕದು. ರೈಲಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬರೆದೆ. ಸಪ್ಲಿಮೆಂಟು ಒಂದು, ಮುಖಪುಟದಲ್ಲಿ ನಮೂದಾಗಿದೆ, ಮೇಲ್ವಿಚಾರಕರ ಸಹಿ ಇದೆ, ಸ್ಕ್ಯಾನ್ ಆಗಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಪುಸ್ತಿಕೆಯ ಕೊನೆಯ ಮೂರು ಪುಟಗಳಲ್ಲಿ ಇರುವುದು ಎದುರು ಪಕ್ಷದ ವಾದ, ಅದನ್ನು ನಾನು ಹಾಗೆಂದು ನಮೂದಿಸಿರಲಿಲ್ಲ ಎಂದೂ ಸೇರಿಸಿದೆ. ಗೆಳತಿ ಓದಿ, "ಇದನ್ನ ಯಾಕ ಬರದಿ? ನಿನ್ನ ಕೇಸ್ ನೀನ ಹಗರ ಮಾಡಾಕತ್ತಿ," ಎಂದಳು.

"ಖರೆ ಐತಲ್ಲ."

"ಡಿಬೇಟಿನಾಗ ಹಿಂಗ ಮಾಡಿದ್ರ ನಿನ್ನ ಹೊರಗ ಹಾಕ್ತಿದ್ದೆ."

ಕಿಟಕಿಯ ಮುಂದೆ ಅಂದೂ ಕ್ಯೂ ಇತ್ತು. ಅದೇ ಕ್ಲರ್ಕ್. ನಾನು ಮಾತಾಡಲಿಲ್ಲ, ಕಾಗದ ಒಳಗೆ ತಳ್ಳಿದೆ. ಅವರು ಗುರುತು ಹಿಡಿದಂತೆ ಕಂಡರು. ಓದಿದರು, ಠಸ್ಸೆ ಹೊಡೆದರು, ರಸೀದಿ ಹರಿದು ಕೊಟ್ಟರು. "ಮಿಲೇಗಾ ಕ್ಯಾ?" ಎಂದು ಗೆಳತಿ ಕೇಳಿದಳು, ಸಿಗುತ್ತದೆಯೇ ಎಂದು. ಅವರು ಕೈ ತಿರುಗಿಸಿ ತೋರಿಸಿದರು. ಆ ಕೈಯಲ್ಲಿಯೂ ಏನೂ ಇರಲಿಲ್ಲ. ಅವರಿಗೂ ಕಾಣುವುದು ಸ್ಕ್ರೀನು ಮಾತ್ರ.

ಸ್ಟೇಷನ್ನಿಗೆ ಬಂದು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಳಿತಾಗ ನಾಲ್ಕು ಐವತ್ತು. ನಾನು ಮೊಬೈಲಿನಲ್ಲಿ ಸೀಟಿನ ಪುಟ ತೆರೆದಿಟ್ಟೆ. ಹಾಕಲು ನನ್ನ ಬಳಿ ಏನೂ ಇರಲಿಲ್ಲ, ಹಳೆಯ ಅಂಕಪಟ್ಟಿಯನ್ನು ಅದು ಮೂರು ಸಲ ತಿರಸ್ಕರಿಸಿತ್ತು. ಆದರೂ ತೆರೆದಿಟ್ಟೆ. ಎರಡು ಲೋಕಲ್ ರೈಲು ಹೋದವು. ಗಡಿಯಾರ ಐದು ದಾಟಿದ ಮೇಲೆ ಪುಟ ಹೊಸದಾಗಲೆಂದು ಒಮ್ಮೆ ಕೆಳಗೆ ಎಳೆದು ಬಿಟ್ಟೆ. 'ತಾತ್ಕಾಲಿಕ' ಎಂದಿದ್ದ ಕಡೆ 'ರದ್ದು' ಎಂದಿತ್ತು. ಯಾರೂ ಕುಳಿತು ರದ್ದು ಮಾಡಿರಲಿಲ್ಲ. ಐದು ಗಂಟೆ ಆಯಿತು, ತಾನೇ ರದ್ದಾಯಿತು.

ಗೆಳತಿ ಬಗ್ಗಿ ನೋಡಿದಳು. ಆಮೇಲೆ, "ಏನ ಆಗಾಕತ್ತದ?" ಎಂದಳು.

"ಎದಿ ಹಿಂಡಿದಂಗ. ಬೆರಳ ತಣ್ಣಗ ಆಗ್ಯಾವ."

"ಅದಕ್ಕ ನಿನ್ನ ಗ್ರೀಕ್ ಮಂದಿ ಏನಂತಾರ?"

"ಇದಕ್ಕ ಏನೂ ಅನ್ನಂಗಿಲ್ಲ. ಇದು ಯಾರ ಕೈಯಾಗೂ ಇಲ್ಲ ಅಂತಾರ."

"ಮತ್ತ ಇದರ ಮುಂದಿಂದು?"

ನನ್ನ ಬಳಿ ಎರಡೂ ಕಡೆಗೆ ಉತ್ತರ ಇತ್ತು. ಕುಗ್ಗುವುದೇ ಸರಿ ಎನ್ನುವುದಕ್ಕೆ ಮೂರು ಅಂಶ, ಸರಿಯಲ್ಲ ಎನ್ನುವುದಕ್ಕೆ ಮೂರು. ಎರಡನ್ನೂ ಸದ್ಯಕ್ಕೆ ತಡೆಹಿಡಿದೆ. ಅವಳು ರಸೀದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು, ನಾನು ಕಳೆಯುತ್ತೇನೆ ಎಂಬಂತೆ.

ಬೋರಿವಲಿಯ ಸ್ಲೋ ಲೋಕಲ್ ಬಂತು. ಹೆಂಗಸರ ಡಬ್ಬಿಯಲ್ಲಿ ನಿಲ್ಲಲೂ ಜಾಗ ಇರಲಿಲ್ಲ. ಹತ್ತಿದೆವು.